‘ಪಾಸಾದರೆ ಮಾತ್ರ’ ಎಲ್ಲಿ ಹೋಯಿತು?

ಕಾನ್ಫರೆನ್ಸ್ ಕರೆ ಮುಗಿದ ಮೇಲೆ ವರದಿ ಬರೆಯುವವರು ಸಾಮಾನ್ಯವಾಗಿ ಮಾತು ನಡೆದ ಕ್ರಮದಲ್ಲೇ ಬರೆಯುತ್ತಾರೆ. ಇವರು ಹೀಗೆಂದರು, ಅವರು ಹಾಗೆಂದರು ಅಂತ ಎರಡು ಪುಟ ತುಂಬುತ್ತದೆ. ಮೇಲಿನವರು, ‘ಇಷ್ಟುದ್ದ ಯಾರ್ರೀ ಓದ್ತಾರೆ, ಮೂರು ವಾಕ್ಯದಲ್ಲಿ ಹೇಳಿ’ ಎನ್ನುತ್ತಾರೆ. ಆಗ ಕತ್ತರಿ ಹಾಕಲು ಕೂತರೆ ಮೊದಲು ಉದುರುವುದು ‘ಆದರೆ’, ‘ಮಾತ್ರ’, ‘ಅಷ್ಟರೊಳಗೆ’ ಎಂಬ ಸಣ್ಣ ಮಾತುಗಳು. ತೀರ್ಮಾನ ನಿಂತಿರುವುದೇ ಅವುಗಳ ಮೇಲೆ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಪೀಣ್ಯದ ಒಂದು ಗಾರ್ಮೆಂಟ್ ಕಾರ್ಖಾನೆ, ಲಂಡನ್ನಿನ ಬೈಯರ್, 5,000 ಅಂಗಿಗಳ ಆರ್ಡರ್. ತೊಳೆದು ನೋಡಿದಾಗ ಬಟ್ಟೆ ಮಿತಿಗಿಂತ ಹೆಚ್ಚು ಕುಗ್ಗಿದೆ, ಆರ್ಡರ್ ತಡವಾಗಿದೆ. ಸೋಮವಾರ 45 ನಿಮಿಷದ ಕರೆ. ಮಿಲ್‌ನವರ ತಪ್ಪೋ ಕಾರ್ಖಾನೆಯದೋ ಎಂಬ ವಾದಕ್ಕೆ ಅರ್ಧ ಸಮಯ ಹೋಯಿತು. ಹತ್ತನೇ ನಿಮಿಷದ ಹೊತ್ತಿಗೆ ‘ಎಲ್ಲವನ್ನೂ ವಿಮಾನದಲ್ಲೇ ಕಳಿಸೋಣ’ ಎಂದು ಎಲ್ಲರೂ ತಲೆಯಾಡಿಸಿದರು. ಕೊನೆಗೆ ಖರ್ಚಿನ ಲೆಕ್ಕ ಬಂದಾಗ ಮಾತು ಬದಲಾಯಿತು: ಮರುಪರೀಕ್ಷೆಯ ಲ್ಯಾಬ್ ವರದಿ ಗುರುವಾರದೊಳಗೆ ಪಾಸಾದರೆ 2,000 ಅಂಗಿ ವಿಮಾನಕ್ಕೆ, ಬಾಡಿಗೆ ಕಾರ್ಖಾನೆಯದು, ಉಳಿದ 3,000 ಹಡಗಿಗೆ, 28ರಂದು. ವರದಿ ಕೈಗೆ ಬರುವ ತನಕ ಕಾರ್ಗೊ ಬುಕ್ ಮಾಡಬೇಡಿ ಎಂದೂ ಬೈಯರ್ ಹೇಳಿದರು. ಕಾಲರ್ ಲೇಬಲ್ ವಿಷಯ ಎದ್ದಿತು, ಇತ್ಯರ್ಥವಾಗಲಿಲ್ಲ.

ಇದರ ದೀರ್ಘ ವರದಿಯನ್ನು ಮೊದಲಿನಿಂದ ಓದುತ್ತಾ ಕಿರಿದು ಮಾಡಿದರೆ ಹತ್ತನೇ ನಿಮಿಷದ ಒಪ್ಪಿಗೆ ಮೊದಲು ಕಣ್ಣಿಗೆ ಬೀಳುತ್ತದೆ, ಅದೇ ತೀರ್ಮಾನವೆಂದು ಕೂತುಬಿಡುತ್ತದೆ. ಹಾಗಾಗಿ ಕೊನೆಯಿಂದ ಹಿಂದಕ್ಕೆ ಓದಬೇಕು. ಜೊತೆಗೆ ಕ್ರಿಯಾಪದಗಳನ್ನು ಬೇರ್ಪಡಿಸಬೇಕು. ‘ಚರ್ಚೆಯಾಯಿತು’, ‘ಅಭಿಪ್ರಾಯಪಟ್ಟರು’ ಎಂದಿರುವ ಸಾಲುಗಳು ಒಂದು ಕಡೆಗೆ, ‘ಒಪ್ಪಿದರು’, ‘ಬೇಡವೆಂದರು’ ಎಂದಿರುವವು ಇನ್ನೊಂದು ಕಡೆಗೆ. ಎರಡನೆಯ ಗುಂಪು ಯಾವಾಗಲೂ ಚಿಕ್ಕದು. ಮಿಲ್ಲಿನ ತಪ್ಪಿನ ವಾದ ಅರ್ಧ ಕರೆಯನ್ನು ನುಂಗಿದ್ದರೂ ಮೂರು ವಾಕ್ಯದಲ್ಲಿ ಅದಕ್ಕೆ ಒಂದು ಪದದ ಜಾಗವೂ ಇಲ್ಲ. ವರದಿ ಬರೆದವರಿಗೆ ಇದು ಕಷ್ಟ. ಅಷ್ಟು ಹೊತ್ತು ಕೇಳಿಸಿಕೊಂಡದ್ದನ್ನು ಬಿಸಾಡಲು ಮನಸ್ಸು ಬರುವುದಿಲ್ಲ.

ಮೊದಲ ವಾಕ್ಯಕ್ಕೆ ತೀರ್ಮಾನ, ಷರತ್ತಿನ ಸಮೇತ. ಎರಡನೆಯದಕ್ಕೆ ಯಾರು ಏನು ಮಾಡಬೇಕು, ಏನು ಮಾಡಬಾರದು. ಮೂರನೆಯದಕ್ಕೆ ಬಾಕಿ ಉಳಿದದ್ದು:

‘ಗುರುವಾರದೊಳಗೆ ಲ್ಯಾಬ್ ವರದಿ ಪಾಸಾದರೆ ಮಾತ್ರ 2,000 ಅಂಗಿ ನಮ್ಮ ಖರ್ಚಿನಲ್ಲಿ ವಿಮಾನಕ್ಕೆ, ಉಳಿದ 3,000 ಹಡಗಿನಲ್ಲಿ 28ಕ್ಕೆ. ವರದಿ ತರಿಸುವುದು ಮರ್ಚಂಡೈಸರ್ ಹೊಣೆ, ಅದು ಬರುವ ತನಕ ಡಿಸ್‌ಪ್ಯಾಚ್‌ನವರು ಕಾರ್ಗೊ ಬುಕ್ ಮಾಡುವಂತಿಲ್ಲ. ಕಾಲರ್ ಲೇಬಲ್ ಇನ್ನೂ ತೀರ್ಮಾನವಾಗಿಲ್ಲ.’

ಇಮೇಲಿನ ಸಬ್ಜೆಕ್ಟ್ ಸಾಲಿನಲ್ಲಿ ಇನ್ನೂ ಇಕ್ಕಟ್ಟು. ಫೋನಿನ ಪರದೆ ಮೊದಲ ಕೆಲವು ಪದಗಳನ್ನಷ್ಟೇ ತೋರಿಸಿ ಉಳಿದದ್ದನ್ನು ಚುಕ್ಕಿಗಳ ಹಿಂದೆ ಅಡಗಿಸುತ್ತದೆ. ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ಅಪಾಯವಿದೆ. ನಮ್ಮ ‘ಬೇಡ’, ‘ಇಲ್ಲ’ ಬರುವುದು ವಾಕ್ಯದ ಬಾಲದಲ್ಲಿ. ‘5,000 ಅಂಗಿಗಳನ್ನೂ ವಿಮಾನದಲ್ಲಿ ಕಳಿಸುವುದು ಬೇಡ’ ಎಂದು ಬರೆದರೆ ‘ಬೇಡ’ ಕಾಣದೆಯೇ ಹೋಗಬಹುದು, ಓದಿದವರಿಗೆ ತದ್ವಿರುದ್ಧ ಅರ್ಥ ಹೊಳೆಯಬಹುದು. ಷರತ್ತಿನ ವಿಷಯದಲ್ಲಿ ಮಾತ್ರ ನಮ್ಮ ಭಾಷೆಯ ಜಾಯಮಾನವೇ ನೆರವಿಗೆ ಬರುತ್ತದೆ. ‘ಆದರೆ’, ‘ಬಂದರೆ’ ಸಹಜವಾಗಿಯೇ ಮುಂದೆ ನಿಲ್ಲುತ್ತವೆ: ‘ಲ್ಯಾಬ್ ಪಾಸಾದರೆ ಮಾತ್ರ 2,000 ಅಂಗಿ ವಿಮಾನಕ್ಕೆ’. ಗುರುವಾರ ಎಂಬುದು ಇದರಲ್ಲಿ ಇಲ್ಲ. ಪರವಾಗಿಲ್ಲ, ಅದು ಒಳಗಿನ ಮೊದಲ ವಾಕ್ಯದಲ್ಲಿದೆ. ‘ಶಿಪ್‌ಮೆಂಟ್ ಕರೆಯ ವಿವರ’ ಎಂಬ ಸಾಲಿಗಿಂತ ಇದು ಎಷ್ಟೋ ಮೇಲು; ಆ ಸಾಲು ಕರೆ ನಡೆಯುವ ಮೊದಲೇ ಬರೆದಿಡಬಹುದಾದದ್ದು.

ಬರೆದದ್ದನ್ನು ಪರೀಕ್ಷಿಸಲು ಕರೆಯಲ್ಲಿ ಇಲ್ಲದಿದ್ದವರೊಬ್ಬರಿಗೆ ಸಬ್ಜೆಕ್ಟ್ ಸಾಲನ್ನಷ್ಟೇ ತೋರಿಸಿ, ‘ನಾಳೆ ಬೆಳಿಗ್ಗೆ ಏನು ಮಾಡ್ತೀರಿ?’ ಎಂದು ಕೇಳಿ. ಸಾಲು ‘2,000 ಅಂಗಿ ವಿಮಾನಕ್ಕೆ’ ಎಂದಷ್ಟೇ ಇದ್ದರೆ ಡಿಸ್‌ಪ್ಯಾಚ್‌ನವರು, ‘ಕಾರ್ಗೊ ಬುಕ್ ಮಾಡ್ತೀನಿ ಸಾರ್’ ಎನ್ನುತ್ತಾರೆ. ಗುರುವಾರ ಲ್ಯಾಬ್ ಫೇಲ್ ಎಂದರೆ ಬುಕಿಂಗ್ ರದ್ದು ಮಾಡಿಸುವ ಪರದಾಟ ಕಾರ್ಖಾನೆಯ ಪಾಲಿಗೆ. ‘ಲ್ಯಾಬಿಗೆ ಫೋನ್ ಮಾಡಿ ಕೇಳ್ತೀನಿ’ ಎಂದರೆ ಸಾಲು ಸರಿಯಿದೆ.

ಹೀಗೆ ಕಿರಿದು ಮಾಡುವಾಗ ಕೆಲವೊಮ್ಮೆ ಕರೆಯ ತೂತೇ ಹೊರಬೀಳುತ್ತದೆ. ಈ ಉದಾಹರಣೆಯಲ್ಲೇ ನೋಡಿ, ವರದಿ ಫೇಲಾದರೆ ಆ 2,000 ಅಂಗಿಗಳ ಗತಿಯೇನು? 45 ನಿಮಿಷದಲ್ಲಿ ಯಾರೂ ಕೇಳಲಿಲ್ಲ. ‘ಪಾಸಾದರೆ’ ಎಂದು ಬರೆದ ಕೂಡಲೇ ಆ ಪ್ರಶ್ನೆ ಎದುರು ನಿಲ್ಲುತ್ತದೆ. ಬರೆಯುವವರು ತಾವೇ ಒಂದು ಉತ್ತರ ತುಂಬಿಬಿಡಬಾರದು. ‘ಅವೂ ಹಡಗಿಗೇ ಇರಬೇಕು’ ಎಂಬ ಊಹೆ ಮೂರನೇ ವಾಕ್ಯಕ್ಕೆ ಸೇರಿದರೆ ನಾಳೆ ಅದೇ ತೀರ್ಮಾನವೆನಿಸಿಕೊಳ್ಳುತ್ತದೆ. ‘ಫೇಲಾದರೆ ಏನೆಂದು ಬೈಯರ್ ಹೇಳಬೇಕಿದೆ’ ಎಂದು ಲೇಬಲ್ ಪಕ್ಕದಲ್ಲೇ ಸೇರಿಸಿ, ಕಳಿಸುವ ಮುಂಚೆ ಲಂಡನ್ನಿಗೆ ಇನ್ನೊಂದು ಫೋನ್ ಮಾಡುವುದು ಒಳ್ಳೆಯದು. ಐದು ನಿಮಿಷದ ಕರೆ ಸಾಕು, ಗುರುವಾರಕ್ಕೆ ಇನ್ನೂ ಸಮಯವಿದೆ.