ನಾಲ್ಕನೇ ದಿನದ ಲೆಕ್ಕ ಯಾಕೆ ತಪ್ಪುತ್ತದೆ?

ಗೂಗಲ್‌ನಲ್ಲಿ ಯಾರೋ ‘ಇಳಕಲ್ ಸೀರೆ’ ಎಂದು ಹುಡುಕಿದರೆ, ಫಲಿತಾಂಶ ತೆರೆದುಕೊಳ್ಳುವ ಆ ಕ್ಷಣದಲ್ಲೇ ಜಾಹೀರಾತುದಾರರ ನಡುವೆ ಒಂದು ಹರಾಜು ನಡೆದುಹೋಗಿರುತ್ತದೆ. ಹಿಂದೆಲ್ಲ ಒಂದು ಕ್ಲಿಕ್‌ಗೆ ಎಷ್ಟು ಕೊಡಬೇಕೆಂದು ಅಂಗಡಿಯವರೇ ನಿಗದಿ ಮಾಡುತ್ತಿದ್ದರು. ಸ್ಮಾರ್ಟ್ ಬಿಡ್ಡಿಂಗ್‌ನಲ್ಲಿ ಆ ಕೆಲಸ ಗೂಗಲ್‌ನ ವ್ಯವಸ್ಥೆಯದು. ಹುಡುಕುತ್ತಿರುವವರ ಊರು, ಸಮಯ, ಕೈಯಲ್ಲಿರುವುದು ಮೊಬೈಲೋ ಕಂಪ್ಯೂಟರೋ ಎಂಬುದನ್ನೆಲ್ಲ ನೋಡಿ ಅದು ಪ್ರತಿ ಹರಾಜಿಗೂ ಬೇರೆಬೇರೆ ಬಿಡ್ ಹಾಕುತ್ತದೆ. ಒಂದು ಆರ್ಡರ್‌ಗೆ ಸರಾಸರಿ ಎಷ್ಟು ಖರ್ಚಾಗಬಹುದು ಎಂಬ ಗುರಿಯನ್ನು ಮಾತ್ರ ನಾವು ಕೊಡುತ್ತೇವೆ. ಇದಕ್ಕೆ ಟಾರ್ಗೆಟ್ ಸಿಪಿಎ ಎನ್ನುತ್ತಾರೆ.

ಕ್ಯಾಂಪೇನ್ ಶುರುವಾದಾಗ ಅದರ ಸ್ಥಿತಿಯ ಕಾಲಂನಲ್ಲಿ Learning ಎಂದು ಕಾಣಿಸುತ್ತದೆ. ವ್ಯವಸ್ಥೆ ಇನ್ನೂ ಹೊಂದಿಕೊಳ್ಳುತ್ತಿದೆ ಎಂದು ಅದರರ್ಥ. ಆದರೆ ಈ ದಿನಗಳಲ್ಲಿ ಜನ ಎಡವುವುದಕ್ಕೆ ಆ ಕಲಿಕೆಗಿಂತ ದೊಡ್ಡ ಕಾರಣ ಬೇರೊಂದಿದೆ: ಕಣ್ಣೆದುರಿನ ಅಂಕಿ ಇನ್ನೂ ಪೂರ್ತಿಯಾಗಿರುವುದಿಲ್ಲ.

ಇಳಕಲ್ ಸೀರೆ ಮಾರುವ ಆನ್‌ಲೈನ್ ಅಂಗಡಿಯೊಂದನ್ನೇ ಊಹಿಸಿಕೊಳ್ಳಿ. ಒಂದು ಆರ್ಡರ್‌ಗೆ 400 ರೂಪಾಯಿ ಗುರಿ. ದಿನಕ್ಕೆ ಹತ್ತು ರೂಪಾಯಿಯಂತೆ 200 ಕ್ಲಿಕ್, ಅಂದರೆ 2,000 ರೂಪಾಯಿ ಖರ್ಚು. ಒಂದು ದಿನದ ಆ ಕ್ಲಿಕ್‌ಗಳಿಂದ ಕೊನೆಗೆ ಐದು ಆರ್ಡರ್ ಬರುತ್ತವೆ ಎಂದಿಟ್ಟುಕೊಳ್ಳೋಣ. ಹಾಗಾದರೆ ಕ್ಯಾಂಪೇನ್ ಸರಿಯಾಗಿ ಗುರಿಯ ಮೇಲೇ ನಡೆಯುತ್ತಿದೆ. ಆದರೆ ಸೀರೆ ನೋಡಿದವರೆಲ್ಲ ಆಗಲೇ ದುಡ್ಡು ಕಟ್ಟುವುದಿಲ್ಲ. ಫೋಟೋವನ್ನು ಅಕ್ಕನಿಗೆ ಕಳಿಸುತ್ತಾರೆ, ಸೆರಗಿನ ಬಣ್ಣದ ಬಗ್ಗೆ ಮನೆಯಲ್ಲಿ ಮಾತಾಗುತ್ತದೆ, ಸಂಬಳದ ದಿನಕ್ಕೆ ಕಾಯುತ್ತಾರೆ. ನೂರಕ್ಕೆ ನಲವತ್ತು ಆರ್ಡರ್ ಅಂದೇ ಬಂದು, ಉಳಿದವು ಮುಂದಿನ ಆರು ದಿನಗಳಲ್ಲಿ ದಿನಕ್ಕೆ ಹತ್ತರಂತೆ ಬರುತ್ತವೆ ಎನ್ನೋಣ.

ಗೂಗಲ್ ಆಡ್ಸ್ ಆರ್ಡರನ್ನು ದುಡ್ಡು ಕಟ್ಟಿದ ದಿನಕ್ಕಲ್ಲ, ಕ್ಲಿಕ್ ಆದ ದಿನಕ್ಕೆ ಜಮಾ ಮಾಡುತ್ತದೆ. ಹಾಗಾಗಿ ನಾಲ್ಕನೇ ದಿನ ರಾತ್ರಿ ನೋಡಿದರೆ ಮೊದಲ ದಿನದ ಆರ್ಡರ್‌ಗಳಲ್ಲಿ ನೂರಕ್ಕೆ ಎಪ್ಪತ್ತು ಬಂದಿರುತ್ತವೆ, ಎರಡನೇ ದಿನದ್ದು ಅರವತ್ತು, ಮೂರನೇ ದಿನದ್ದು ಐವತ್ತು, ನಾಲ್ಕನೆಯದ್ದು ನಲವತ್ತು. ಎಲ್ಲ ಕೂಡಿದರೆ 11 ಆರ್ಡರ್. ಖರ್ಚು ಮಾತ್ರ ಪೂರ್ತಿ 8,000 ರೂಪಾಯಿ ತೋರಿಸುತ್ತದೆ. ಒಂದು ಆರ್ಡರ್‌ಗೆ 727 ರೂಪಾಯಿ! ಅದೂ ದಿನದಿಂದ ದಿನಕ್ಕೆ ಹದಗೆಡುತ್ತಿರುವಂತೆ ಕಾಣುತ್ತದೆ. ಇನ್ನೊಂದು ವಾರ ಬಿಟ್ಟು ಅದೇ ನಾಲ್ಕು ದಿನಗಳನ್ನು ತೆರೆದರೆ ಅಲ್ಲಿ 20 ಆರ್ಡರ್ ಇರುತ್ತವೆ, ತಲಾ 400 ರೂಪಾಯಿ.

ಈ ಅರ್ಧಂಬರ್ಧ ಲೆಕ್ಕವನ್ನು ಕಳೆದ ತಿಂಗಳ, ಪೂರ್ತಿ ಆರ್ಡರ್ ಬಂದು ಮುಗಿದ ಲೆಕ್ಕದ ಪಕ್ಕದಲ್ಲಿಟ್ಟು ‘ಹಳೇ ಪದ್ಧತಿಯೇ ವಾಸಿ’ ಎನ್ನುವುದು ಅನ್ಯಾಯ. ಗಾಬರಿಯಾದ ಅಂಗಡಿಯವರು ಗುರಿಯನ್ನು 250ಕ್ಕೆ ಇಳಿಸಿದರು ಎನ್ನಿ. ಬಿಡ್‌ಗಳು ತಗ್ಗುತ್ತವೆ, ಸೋಲುವ ಹರಾಜುಗಳು ಹೆಚ್ಚುತ್ತವೆ, ಕ್ಲಿಕ್ ಕಡಿಮೆಯಾಗುತ್ತದೆ, ಆರ್ಡರ್ ಇನ್ನೂ ಕಡಿಮೆಯಾಗುತ್ತದೆ. ವ್ಯವಸ್ಥೆ ಹೊಸ ಗುರಿಗೆ ಮತ್ತೆ ಹೊಂದಿಕೊಳ್ಳಬೇಕು. ಮುಂದಿನ ವಾರ ಹಳೆಯ ಗುರಿಯ ಕ್ಲಿಕ್‌ಗಳ ಆರ್ಡರ್‌ಗಳು ತಡವಾಗಿ ಬಂದು ಅಂಕಿ ಚೆನ್ನಾಗಿ ಕಂಡಾಗ, ಅದು ಗುರಿ ಇಳಿಸಿದ್ದರ ಫಲ ಎಂದು ಅವರು ನಂಬುತ್ತಾರೆ. ನನಗೆ ಹೆಚ್ಚು ಕಳವಳ ತರುವುದು ಇದೇ, ಏಕೆಂದರೆ ಮುಂದಿನ ಸಲವೂ ಅವರು ಹಾಗೇ ಮಾಡುತ್ತಾರೆ.

ಅದೃಷ್ಟದ ಪಾಲೂ ಇದೆ. ಸರಾಸರಿ ಐದು ಆರ್ಡರ್ ಬರುವ ಕಡೆ ಒಂದು ದಿನ ಎರಡು, ಇನ್ನೊಂದು ದಿನ ಎಂಟು ಬರುವುದು ತೀರಾ ಸಹಜ. ಮೊದಲ ದಿನವೇ ಎಂಟು ಬಂತೆಂದು ಬಜೆಟ್ ದುಪ್ಪಟ್ಟು ಮಾಡುವುದೂ ಅವಸರವೇ.

ಹಾಗಾದರೆ ಯಾವಾಗ ನೋಡಬೇಕು? ಹೊಸ ಗುರಿಗೆ ಹೊಂದಿಕೊಳ್ಳಲು ಸುಮಾರು 50 ಆರ್ಡರ್ ಅಥವಾ ಕ್ಲಿಕ್‌ನಿಂದ ಆರ್ಡರ್‌ವರೆಗಿನ ಅವಧಿಯ ಮೂರು ಪಟ್ಟು ಸಮಯ ಬೇಕಾಗಬಹುದು ಎನ್ನುತ್ತದೆ ಗೂಗಲ್. ನಮ್ಮ ಸೀರೆ ಅಂಗಡಿಗೆ ಆ ಅವಧಿ ಒಂದು ವಾರ. ಆದ್ದರಿಂದ ಮೊದಲ ಎರಡು ವಾರಗಳನ್ನು ಬದಿಗಿಟ್ಟು, ಇತ್ತೀಚಿನ ಏಳು ದಿನಗಳನ್ನೂ ಬಿಟ್ಟು, ನಡುವಿನ ದಿನಗಳನ್ನು ತೂಗುವುದು ನ್ಯಾಯ. ದುಡ್ಡು ಕಟ್ಟಿದ ದಿನದ ಪ್ರಕಾರ ಆರ್ಡರ್ ನೋಡಬೇಕೆಂದರೆ Conversions (by conv. time) ಎಂಬ ಕಾಲಂ ಸೇರಿಸಿಕೊಳ್ಳಬಹುದು.

ಕಾಯುವುದೆಂದರೆ ಕಣ್ಣು ಮುಚ್ಚಿ ಕೂರುವುದಲ್ಲ. ಅಂಗಡಿಯ ಲೆಕ್ಕದಲ್ಲಿ ಆರ್ಡರ್ ಬಂದಿದ್ದು ಗೂಗಲ್ ಆಡ್ಸ್‌ನಲ್ಲಿ ಸೊನ್ನೆ ಇದ್ದರೆ, ಸೈಟಿನಲ್ಲಿ ಹಾಕಿದ ಟ್ಯಾಗ್ ಕೆಟ್ಟಿದೆಯೇ ಎಂದು ಅಂದೇ ನೋಡಬೇಕು. ಒಂದೇ ಆರ್ಡರ್ ಎರಡೆರಡು ಬಾರಿ ಎಣಿಕೆಯಾಗುತ್ತಿದ್ದರೂ ಅಷ್ಟೇ. ‘ಸೀರೆ ಉಡುವುದು ಹೇಗೆ’ ಎಂದು ಹುಡುಕಿದವರಿಗೆ ದುಡ್ಡು ಹೋಗುತ್ತಿದ್ದರೆ ಅಂಥ ಪದಗಳನ್ನು ತಡೆಯಲು ಮೂರು ವಾರ ಬೇಕಿಲ್ಲ. ತಿಂಗಳಿಗೆ ನಾಲ್ಕೈದು ಆರ್ಡರ್ ಮಾತ್ರ ಬರುವ ಅಂಗಡಿಗಾದರೆ ಎಷ್ಟು ಕಾದರೂ ಸಾಕಷ್ಟು ಅಂಕಿ ಕೂಡಿಬರುವುದಿಲ್ಲ. ಅಂಥವರು ಆರ್ಡರ್ ಬದಲು ವಾಟ್ಸ್ಆ್ಯಪ್ ವಿಚಾರಣೆಯಂಥ ಹಿಂದಿನ ಹೆಜ್ಜೆಯನ್ನು ಎಣಿಕೆಗೆ ಕೊಡಬಹುದು, ಅಥವಾ ಸದ್ಯಕ್ಕೆ ಬಿಡ್ಡನ್ನು ತಮ್ಮ ಕೈಯಲ್ಲೇ ಇಟ್ಟುಕೊಳ್ಳಬಹುದು.