ಕೆಂಪು ಹೃದಯ ಕಪ್ಪಾಗುವುದೇಕೆ?

ಫೋನಿನಲ್ಲಿ ಶುಭಾಶಯ ಬರೆದು ಕೊನೆಗೆ ಒಂದು ಕೆಂಪು ಹೃದಯ, ಒಂದು ನೀಲಿ ಹೃದಯ ಹಾಕಿ ಕಳಿಸುತ್ತೀರಿ. ಅದೇ ಸಾಲು ಯಾವುದೋ ಜಾಲತಾಣದ ಪುಟದಲ್ಲಿ ತೆರೆದುಕೊಂಡಾಗ ನೀಲಿ ಹೃದಯ ನೀಲಿಯಾಗಿಯೇ ಇರುತ್ತದೆ. ಕೆಂಪು ಹೃದಯ ಮಾತ್ರ ಅಕ್ಷರಗಳ ಜೊತೆ ಅಕ್ಷರವಾಗಿ, ಕಪ್ಪಗೆ ಚಪ್ಪಟೆಯಾಗಿ ಕುಳಿತಿರುತ್ತದೆ. ಫೋನ್ ಹಳೆಯದೆಂದೋ ಇಂಟರ್ನೆಟ್ ಕೈಕೊಟ್ಟಿತೆಂದೋ ಅಂದುಕೊಳ್ಳುವವರೇ ಹೆಚ್ಚು. ಕಾರಣ ಇರುವುದು ಈ ಎರಡು ಹೃದಯಗಳ ಹುಟ್ಟಿನಲ್ಲಿ.

ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದು ಸಂಖ್ಯೆಯಿದೆ. ಆ ಸಂಖ್ಯೆಗಳನ್ನು ಗೊತ್ತುಮಾಡುವ ಜಾಗತಿಕ ಪಟ್ಟಿಯೇ ಯೂನಿಕೋಡ್. ನೀಲಿ ಹೃದಯದ ಸಂಖ್ಯೆ U+1F499. ಜಪಾನಿನ ಮೊಬೈಲ್ ಕಂಪನಿಗಳು ಬಳಸುತ್ತಿದ್ದ ಎಮೋಜಿಗಳನ್ನು 2010ರಲ್ಲಿ ಯೂನಿಕೋಡ್ 6.0 ಒಟ್ಟಿಗೆ ಸೇರಿಸಿಕೊಂಡಾಗ ಅದಕ್ಕೆ ಈ ಸಂಖ್ಯೆ ಸಿಕ್ಕಿತು. ಹುಟ್ಟುವಾಗಲೇ ಅದು ಬಣ್ಣದ ಚಿತ್ರ.

ಕೆಂಪು ಹೃದಯದ ಕಥೆ ಬೇರೆ. ಅದರ ಸಂಖ್ಯೆ U+2764. ಜರ್ಮನಿಯ ಅಕ್ಷರ ವಿನ್ಯಾಸಕಾರ ಹರ್ಮನ್ ಜಾಫ್ ರೂಪಿಸಿ 1978ರಲ್ಲಿ ಹೊರಬಂದ ‘ಜಾಫ್ ಡಿಂಗ್‌ಬ್ಯಾಟ್ಸ್’ ಎಂಬ ಫಾಂಟಿನಲ್ಲಿ ಕತ್ತರಿ, ವಿಮಾನ, ಹೂವು, ನಕ್ಷತ್ರಗಳ ಜೊತೆ ಈ ಹೃದಯವೂ ಇತ್ತು. ಪುಸ್ತಕ ಅಚ್ಚುಹಾಕುವವರು ಪುಟದ ಅಲಂಕಾರಕ್ಕೆ ಬಳಸುತ್ತಿದ್ದ ಚಿಹ್ನೆಗಳಿವು. ಎಮೋಜಿ ಎಂಬ ಮಾತು ಜಪಾನಿನಾಚೆ ಯಾರ ಕಿವಿಗೂ ಬೀಳದಿದ್ದ 1990ರ ದಶಕದ ಆರಂಭದಲ್ಲೇ ಯೂನಿಕೋಡ್ ಈ ಗುಂಪನ್ನು ತೆಗೆದುಕೊಂಡು, ಹೃದಯಕ್ಕೆ HEAVY BLACK HEART ಎಂದು ಹೆಸರಿಟ್ಟಿತು. ಒಳಗೆ ಶಾಯಿ ತುಂಬಿದ್ದು ಎಂಬುದಷ್ಟೇ ಆ ಹೆಸರಿನ ಅರ್ಥ. ಒಮ್ಮೆ ಇಟ್ಟ ಹೆಸರನ್ನು ಯೂನಿಕೋಡ್ ಬದಲಿಸುವುದಿಲ್ಲ. ಹಾಗಾಗಿ ಜಗತ್ತಿನ ಅತಿ ಪರಿಚಿತ ಕೆಂಪು ಹೃದಯ ಇಂದಿಗೂ ದಾಖಲೆಯಲ್ಲಿ ಕಪ್ಪೇ. ನಿಜವಾದ ಕಪ್ಪು ಹೃದಯ ಬೇಕೆಂದಾಗ 2016ರಲ್ಲಿ U+1F5A4 ಎಂಬ ಬೇರೊಂದು ಸಂಖ್ಯೆಯನ್ನೇ ಕೊಡಬೇಕಾಯಿತು.

2010ರಲ್ಲಿ ಎಮೋಜಿಗಳು ಬಂದಾಗ, ಪಟ್ಟಿಯಲ್ಲಿ ಆಗಲೇ ಇದ್ದ ಚಿಹ್ನೆಗಳಿಗೆ ಹೊಸ ಸಂಖ್ಯೆ ಕೊಡದೆ ಹಳೆಯದನ್ನೇ ಬಳಸಿಕೊಂಡರು. ಹೃದಯ, ಕತ್ತರಿ, ವಿಮಾನ, ಸೂರ್ಯ, ಟೆಲಿಫೋನ್ ಎಲ್ಲ ಹೀಗೆ ಎರಡು ಮನೆಯ ಮಕ್ಕಳಾದವು. ನನ್ನ ಮಟ್ಟಿಗೆ ಇದು ಸಂಖ್ಯೆ ಉಳಿಸಲು ಹೋಗಿ ಗೊಂದಲ ಕೊಂಡುಕೊಂಡ ವ್ಯಾಪಾರ. ಒಂದೇ ಸಂಖ್ಯೆ ಒಮ್ಮೆ ಕಪ್ಪು ಅಕ್ಷರವಾಗಬೇಕು, ಇನ್ನೊಮ್ಮೆ ಬಣ್ಣದ ಚಿತ್ರವಾಗಬೇಕು. ಯಾವಾಗ ಯಾವುದು ಎಂದು ಹೇಳುವವರು ಯಾರು?

ಆ ಕೆಲಸಕ್ಕೆಂದು ಇರುವವೇ ವೇರಿಯೇಷನ್ ಸೆಲೆಕ್ಟರ್‌ಗಳು. ಇವು ಕಣ್ಣಿಗೆ ಕಾಣದ ಅಕ್ಷರಗಳು. ತಮ್ಮ ಹಿಂದೆಯೇ ಇರುವ ಚಿಹ್ನೆ ಯಾವ ರೂಪದಲ್ಲಿ ಮೂಡಬೇಕೆಂದು ಸೂಚಿಸುವುದಷ್ಟೇ ಇವುಗಳ ಕೆಲಸ. ಹದಿನಾರು ಸೆಲೆಕ್ಟರ್‌ಗಳ ಸಾಲೊಂದು 2002ರಿಂದಲೇ ಯೂನಿಕೋಡಿನಲ್ಲಿತ್ತು. ಅದರ ಕೊನೆಯ ಎರಡನ್ನು ಎಮೋಜಿಗೆ ಮೀಸಲಿಟ್ಟರು. ಹದಿನೈದನೆಯದು U+FE0E, ‘ಅಕ್ಷರದಂತೆ ತೋರಿಸು’ ಎನ್ನುತ್ತದೆ. ಹದಿನಾರನೆಯದು U+FE0F, ‘ಎಮೋಜಿಯಾಗಿ ತೋರಿಸು’ ಎನ್ನುತ್ತದೆ. ಫೋನಿನ ಕೀಬೋರ್ಡಿನಲ್ಲಿ ಕೆಂಪು ಹೃದಯ ಒತ್ತಿದಾಗ ಸಾಮಾನ್ಯವಾಗಿ ಹೋಗುವುದು ಒಂದು ಅಕ್ಷರವಲ್ಲ, ಎರಡು. ಪೈಥಾನ್ ಬಲ್ಲವರು ಹೀಗೆ ನೋಡಬಹುದು:

```
import unicodedata
for c in "❤️":
    print(hex(ord(c)), unicodedata.name(c))
```

ಉತ್ತರ ಎರಡು ಸಾಲಿನಲ್ಲಿ ಬರುತ್ತದೆ:

```
0x2764 HEAVY BLACK HEART
0xfe0f VARIATION SELECTOR-16
```

ನೀಲಿ ಹೃದಯ ಹಾಕಿ ನೋಡಿದರೆ ಒಂದೇ ಸಾಲು. ಅದಕ್ಕೆ ಬಾಲವಿಲ್ಲದೆಯೂ ಬಣ್ಣವುಂಟು. ಕೆಂಪು ಹೃದಯ ಮಾತ್ರ, ಯೂನಿಕೋಡಿನ ನಿಯಮದಂತೆ, ಸೂಚನೆ ಇಲ್ಲದಿದ್ದರೆ ಅಕ್ಷರವಾಗಿಯೇ ಮೂಡಬೇಕು. ಎಲ್ಲರೂ ಈ ನಿಯಮ ಪಾಲಿಸುವುದಿಲ್ಲ. ಎಷ್ಟೋ ಆ್ಯಪ್‌ಗಳು ಬಾಲವಿಲ್ಲದ ಹೃದಯಕ್ಕೂ ಬಣ್ಣ ಹಚ್ಚುತ್ತವೆ. ಒಂದು ಕಡೆ ಕೆಂಪಾಗಿದ್ದದ್ದು ಇನ್ನೊಂದು ಕಡೆ ಕಪ್ಪಾಗುವುದಕ್ಕೆ ಇದೂ ಒಂದು ಕಾರಣ.

ಇನ್ನು ಬಾಲ ಕಳಚಿಹೋಗುವುದು ಎಲ್ಲಿ? ಹೆಚ್ಚಾಗಿ ‘ಶುಚಿ ಮಾಡುವ’ ತಂತ್ರಾಂಶದಲ್ಲಿ. ನೀವು ಬರೆದದ್ದನ್ನು ಉಳಿಸಿಕೊಳ್ಳುವ ಮೊದಲು ಅನೇಕ ವ್ಯವಸ್ಥೆಗಳು ಬೇಡದ ಅಕ್ಷರಗಳನ್ನು ತೆಗೆದುಹಾಕುತ್ತವೆ. ಫ್ರೆಂಚ್, ಸ್ಪ್ಯಾನಿಷ್ ಅಕ್ಷರಗಳ ಮೇಲಿನ ಗೀಟು ಚುಕ್ಕೆಗಳನ್ನು ತೆಗೆಯಲು ಬಹು ಜನ ಬಳಸುವ ಒಂದು ಉಪಾಯವಿದೆ: ಅಕ್ಷರವನ್ನು ಬಿಡಿಸಿ, ಯೂನಿಕೋಡ್ ‘Mn’ ಎಂದು ಗುರುತಿಸಿದ ವರ್ಗವನ್ನೆಲ್ಲ ಅಳಿಸುವುದು. ತಾವಾಗಿ ಜಾಗ ತೆಗೆದುಕೊಳ್ಳದೆ ಇನ್ನೊಂದಕ್ಕೆ ಅಂಟಿಕೊಳ್ಳುವ ಗುರುತುಗಳ ವರ್ಗ ಅದು. U+FE0F ಕೂಡ ಅದೇ ವರ್ಗಕ್ಕೆ ಸೇರಿದೆ. ಗೀಟಿನ ಜೊತೆ ಅದೂ ಹೋಗುತ್ತದೆ, ಹೃದಯ ಕಪ್ಪಾಗುತ್ತದೆ.

ಹೃದಯ ಕಪ್ಪಾದರೆ ಆಕಾಶವೇನೂ ಬೀಳುವುದಿಲ್ಲ. ಆದರೆ ಕನ್ನಡದ ಹಲಂತ ಚಿಹ್ನೆಯೂ ಗುಡಿಸೂ ಇದೇ Mn ವರ್ಗದವು. ಅದೇ ತಂತ್ರಾಂಶದೊಳಗೆ ‘ಕನ್ನಡ’ ಎಂದು ಬರೆದರೆ ‘ಕನನಡ’ ಆಗಿ ಹೊರಬರುತ್ತದೆ, ‘ಮನಸ್ಸಿನಲ್ಲಿ’ ಎಂಬುದು ‘ಮನಸಸನಲಲ’ ಆಗುತ್ತದೆ. ಇಂಗ್ಲಿಷಿನಲ್ಲಷ್ಟೇ ಪರೀಕ್ಷೆ ಮಾಡಿದವರಿಗೆ ಇದು ಗೊತ್ತೇ ಆಗುವುದಿಲ್ಲ. ಯಾವುದಾದರೂ ಫಾರಂ ನಿಮ್ಮ ಹೃದಯವನ್ನು ಕಪ್ಪಾಗಿಸಿ, ಜೊತೆಗೆ ಒತ್ತಕ್ಷರಗಳನ್ನೂ ಬಿಡಿಸಿಟ್ಟರೆ ಎರಡಕ್ಕೂ ಕಾರಣ ಬಹುತೇಕ ಒಂದೇ.

ಬಾಲ ಉಳಿದಿದ್ದೂ ಬಣ್ಣ ಬಾರದಿರುವುದುಂಟು. ಕನ್ನಡ ಫಾಂಟುಗಳಲ್ಲಿ ಸಾಮಾನ್ಯವಾಗಿ ಹೃದಯದ ಆಕೃತಿ ಇರುವುದಿಲ್ಲ, ಆದ್ದರಿಂದ ಕಂಪ್ಯೂಟರ್ ಬೇರೆ ಫಾಂಟುಗಳಲ್ಲಿ ಹುಡುಕುತ್ತದೆ. ವಿಂಡೋಸಿನಲ್ಲಿ Segoe UI Symbol ಕಪ್ಪು ಹೃದಯ ಕೊಡುತ್ತದೆ, Segoe UI Emoji ಬಣ್ಣದ್ದು. ಸೆಲೆಕ್ಟರ್ ನೋಡಿ ಸರಿಯಾದುದನ್ನು ಆರಿಸಬೇಕಾದ ತಂತ್ರಾಂಶ, ಮೊದಲು ಸಿಕ್ಕಿದ್ದನ್ನೇ ಎತ್ತಿಕೊಂಡರೆ ಫಲ ಕಪ್ಪೇ. ಬಣ್ಣದ ಫಾಂಟನ್ನೇ ಅರಿಯದ ಹಳೆಯ ತಂತ್ರಾಂಶದಲ್ಲಂತೂ ಸೆಲೆಕ್ಟರ್ ಮಾಡುವಂಥದ್ದೇನೂ ಇಲ್ಲ. ಅದು ಸೂಚನೆಯೇ ಹೊರತು ಬಣ್ಣದ ಡಬ್ಬಿಯಲ್ಲ.

ಮತ್ತೊಂದು ಮಿತಿಯಿದೆ. ಸಿಕ್ಕ ಸಿಕ್ಕ ಚಿಹ್ನೆಗೆ U+FE0F ಅಂಟಿಸಿದರೆ ಬಣ್ಣ ಬರುವುದಿಲ್ಲ. ಯೂನಿಕೋಡ್ ಪ್ರಕಟಿಸುವ ಪಟ್ಟಿಯಲ್ಲಿರುವ ಜೋಡಿಗಳಿಗಷ್ಟೇ ಮಾನ್ಯತೆ. ದಪ್ಪ ಸರಿ ಗುರುತು ✔ (U+2714) ಪಟ್ಟಿಯಲ್ಲಿದೆ, ಅದರ ಪಕ್ಕದ ತೆಳು ಗುರುತು ✓ (U+2713) ಇಲ್ಲ. ತೆಳುವಿಗೆ ಏನು ಅಂಟಿಸಿದರೂ ಅದು ಕಪ್ಪೇ.

ತದ್ವಿರುದ್ಧದ ತೊಂದರೆಯೂ ಇದೆ. ವಿಳಾಸದ ಸಾಲಿನಲ್ಲಿ ಗಂಭೀರವಾಗಿ ಇಟ್ಟ ☎, ಪಟ್ಟಿಯ ಆರಂಭಕ್ಕೆ ಇಟ್ಟ ▶ ಕೆಲವು ಫೋನುಗಳಲ್ಲಿ ಬಣ್ಣದ ಗೊಂಬೆಯಾಗಿ ಎದ್ದು ನಿಲ್ಲುತ್ತವೆ. ಜಾಲತಾಣ ಮಾಡುವವರು ಸೂಚನೆಯನ್ನು ಬಾಯಿಬಿಟ್ಟು ಹೇಳಿಬಿಡುವುದೇ ಮೇಲು. ಮೊದಲ ಸಾಲು ಕೆಂಪು ಹೃದಯ, ಎರಡನೆಯದು ಅಕ್ಷರವಾಗಿಯೇ ಉಳಿಯಬೇಕಾದ ಟೆಲಿಫೋನ್:

```
❤️
☎︎
```

ಉಳಿದವರಿಗೆ, ತೊಂದರೆ ಎಲ್ಲಿದೆಯೆಂದು ತಿಳಿಯಲು ನೀಲಿ ಹೃದಯವೊಂದೇ ಸಾಕು. ಕೆಂಪಿನ ಪಕ್ಕ ಅದನ್ನೂ ಹಾಕಿ ಕಳಿಸಿ. ನೀಲಿ ಬಣ್ಣದಲ್ಲಿದ್ದು ಕೆಂಪು ಮಾತ್ರ ಕಪ್ಪಾದರೆ ದಾರಿಯಲ್ಲಿ ಸೆಲೆಕ್ಟರ್ ಕಳೆದಿದೆ, ಇಲ್ಲವೇ ಆ ತಂತ್ರಾಂಶ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಎರಡೂ ಕಪ್ಪಾದರೆ, ಅಥವಾ ನೀಲಿಯ ಜಾಗದಲ್ಲಿ ಖಾಲಿ ಚೌಕ ಬಂದರೆ, ಆ ಕಂಪ್ಯೂಟರಿಗೆ ಬಣ್ಣದ ಫಾಂಟಿಲ್ಲ. ಮೊದಲನೆಯದಾದರೆ ಪುಟ ನಡೆಸುವವರಿಗೆ ‘U+FE0F ಅಳಿಸಬೇಡಿ’ ಎಂದು ಒಂದು ಸಾಲು ಬರೆಯಿರಿ, ಜೊತೆಗೆ ‘ಕನ್ನಡ’ ಎಂಬ ಪದವನ್ನೂ ಅಲ್ಲೇ ಒಮ್ಮೆ ಟೈಪಿಸಿ ನೋಡಿ.