ಸ್ಕ್ರೀನ್‌ಶಾಟ್ ತೆಗೆಯುವ ಮುನ್ನವೇ ಕಳೆದುಹೋಗುವ ಅಕ್ಷರ

ವಿಡಿಯೊ ಪಾಠವೊಂದರಲ್ಲಿ ತೋರಿಸಿದ ಕನ್ನಡ ಸಾಲುಗಳನ್ನು ನಾವೇ ಟೈಪ್ ಮಾಡಬೇಕಿಲ್ಲ. ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೋ ಟೆಸರಾಕ್ಟ್‌ಗೋ ಕೊಟ್ಟರೆ ಅವು ಪಠ್ಯವಾಗಿ ಕೈಗೆ ಬರುತ್ತವೆ. ಬಂದ ಪಠ್ಯ ತಪ್ಪಾಗಿದ್ದರೆ ತಂತ್ರಾಂಶವನ್ನು ದೂರುತ್ತೇವೆ. ಆದರೆ ಎಷ್ಟೋ ತಪ್ಪುಗಳು ಚಿತ್ರ ಅದರ ಕೈಸೇರುವ ಮೊದಲೇ ಆಗಿರುತ್ತವೆ. 360 ಪಿಕ್ಸೆಲ್ ಎತ್ತರದ ವಿಡಿಯೊದಲ್ಲಿ ಒಂದು ಸಾಲು ಪರದೆಯ ಇಪ್ಪತ್ತನೇ ಒಂದು ಭಾಗದಷ್ಟಿದ್ದರೆ ಅದಕ್ಕೆ ಸಿಗುವುದು 18 ಪಿಕ್ಸೆಲ್ ಮಾತ್ರ. ಕನ್ನಡದಲ್ಲಿ ಮೇಲೆ ಗುಡಿಸಿಗೆ, ಕೆಳಗೆ ಒತ್ತಕ್ಷರಕ್ಕೆ ಜಾಗ ಬಿಟ್ಟರೆ ಅಕ್ಷರದ ಒಡಲಿಗೆ ಉಳಿಯುವುದು ಸುಮಾರು ಅರ್ಧ. ‘ದ’ವನ್ನು ‘ಧ’ ಮಾಡುವ ಸಣ್ಣ ಸೀಳು ಆಗ ಒಂದು ಪಿಕ್ಸೆಲ್‌ಗೆ ಇಳಿದು, ಸುತ್ತಲಿನ ಮಬ್ಬಿನಲ್ಲಿ ಕರಗಬಹುದು. ಅದೇ ವಿಡಿಯೊ 1080ರಲ್ಲಿ ಸಿಕ್ಕರೆ ಸಾಲಿಗೆ 54 ಪಿಕ್ಸೆಲ್. ಸೀಳು ಸ್ಪಷ್ಟವಾಗಿ ಉಳಿಯುತ್ತದೆ.

ಬಣ್ಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಅಂತರಜಾಲದ ಸಾಮಾನ್ಯ ವಿಡಿಯೊಗಳಲ್ಲಿ ಬೆಳಕಿನ ಪ್ರಮಾಣ ಪ್ರತಿ ಪಿಕ್ಸೆಲ್‌ಗೂ ದಾಖಲಾಗುತ್ತದೆ, ಬಣ್ಣ ಮಾತ್ರ ನಾಲ್ಕು ಪಿಕ್ಸೆಲ್‌ಗಳಿಗೆ ಒಂದೇ. ಹಾಗಾಗಿ ಕಪ್ಪಿನ ಮೇಲಿನ ಬಿಳಿ ಅಕ್ಷರ ಚೂಪಾಗಿ ಉಳಿದರೆ, ಕಡುನೀಲಿಯ ಮೇಲಿನ ಕೆಂಪು ಅಕ್ಷರದ ಅಂಚು ಕಲಸಿಹೋಗುತ್ತದೆ. ಆದ್ದರಿಂದ ಮೊದಲು ಲಭ್ಯವಿರುವ ಅತಿ ಹೆಚ್ಚಿನ ಗುಣಮಟ್ಟ ಆರಿಸಿ, ಪೂರ್ಣಪರದೆಯಲ್ಲಿ ನಿಲ್ಲಿಸಬೇಕು. ಕಂಪ್ಯೂಟರ್‌ನಲ್ಲಿ ಯೂಟ್ಯೂಬ್ ನೋಡುತ್ತಿದ್ದರೆ, ನಿಲ್ಲಿಸಿದ ಮೇಲೆ ಪೂರ್ಣವಿರಾಮದ ಕೀಲಿ ಒತ್ತಿ ಒಂದೊಂದೇ ಫ್ರೇಮ್ ಮುಂದೆ ಸಾಗಬಹುದು. ಅಕ್ಷರಗಳ ಚಲನೆ ನಿಂತ ಫ್ರೇಮ್ ಸಿಕ್ಕಾಗ ಆ ಭಾಗವನ್ನಷ್ಟೇ ಕತ್ತರಿಸಿಕೊಳ್ಳಬೇಕು. ಕತ್ತರಿಸುವಾಗ ಕೊನೆಯ ಸಾಲಿನ ಕೆಳಗೆ ತುಸು ಜಾಗ ಬಿಡದಿದ್ದರೆ ಒತ್ತಕ್ಷರಗಳು ತುಂಡಾಗುತ್ತವೆ.

ಸಣ್ಣ ಚಿತ್ರವನ್ನು ಆಮೇಲೆ ಹಿಗ್ಗಿಸಿದರೆ ಸಾಲದೇ ಎಂದು ಕೇಳಬಹುದು. ಹಿಗ್ಗಿಸುವುದರಿಂದ ಕೆಲವೊಮ್ಮೆ ಉಪಯೋಗವಿದೆ, ಏಕೆಂದರೆ ಗುರುತಿಸುವ ತಂತ್ರಾಂಶಕ್ಕೆ ಅತಿ ಸಣ್ಣ ಅಕ್ಷರಗಳು ಕಷ್ಟ. ಆದರೆ ಅಳಿದ ಸೀಳು ಹಿಗ್ಗಿಸಿದ ಮಾತ್ರಕ್ಕೆ ಮರಳದು. ಇಂದಿನ ತಂತ್ರಾಂಶ ಅಕ್ಕಪಕ್ಕದ ಅಕ್ಷರಗಳನ್ನು ನೋಡಿ ಊಹಿಸುತ್ತದಲ್ಲ ಎಂಬ ಮಾತೂ ಇದೆ. ನಿಜ, ‘ಸಹಾಯಧನ’ದಂಥ ಪದವನ್ನು ಅದು ಸರಿಪಡಿಸಿಕೊಂಡೀತು. ‘ದನ’, ‘ಧನ’ ಎರಡೂ ಸರಿಯಾದ ಪದಗಳೇ ಆದ್ದರಿಂದ ಅಲ್ಲಿ ಊಹೆ ತಪ್ಪಿದರೂ ಪದಪರೀಕ್ಷಕ ಸುಮ್ಮನಿರುತ್ತದೆ. ಇಂಥ ತಪ್ಪು ಅರ್ಥವಿಲ್ಲದ ಅಕ್ಷರಗಳ ಕಲಬೆರಕೆಗಿಂತ ಅಪಾಯಕಾರಿ ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಓದುವವರ ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ. ವ್ಯಕ್ತಿ, ಊರುಗಳ ಹೆಸರು ಮತ್ತು ಅಂಕಿಗಳಿಗಂತೂ ಊಹೆಯ ಆಸರೆ ತೀರ ಕಡಿಮೆ; ಅವನ್ನು ಚಿತ್ರದ ಪಕ್ಕದಲ್ಲಿಟ್ಟು ಒಂದೊಂದಾಗಿ ತಾಳೆ ನೋಡಲೇಬೇಕು.

ಕನ್ನಡ ಅಂಕಿಗಳಿದ್ದರೆ ಇನ್ನೂ ಒಂದು ಪರೀಕ್ಷೆ ಬೇಕು. ಸೊನ್ನೆಯೂ (೦) ಅನುಸ್ವಾರವೂ (ಂ) ಕಣ್ಣಿಗೆ ಬಹುತೇಕ ಒಂದೇ, ಕಂಪ್ಯೂಟರ್‌ಗೆ ಮಾತ್ರ ಬೇರೆ ಬೇರೆ. ಮೊದಲನೆಯದರ ಯೂನಿಕೋಡ್ ಸಂಕೇತ U+0CE6, ಎರಡನೆಯದರದು U+0C82. ‘೨೫೦’ರ ಕೊನೆಗೆ ಅನುಸ್ವಾರ ಬಂದು ಕೂತಿದ್ದರೆ ಆ ಮೊತ್ತ ಹುಡುಕಿದರೂ ಸಿಗದು. ಕಡತದಲ್ಲಿ ‘೨೫೦’ ಎಂದು ಕೀಲಿಮಣೆಯಿಂದಲೇ ಟೈಪಿಸಿ ಹುಡುಕಿ. ಕಣ್ಣೆದುರೇ ಇರುವ ಅಂಕಿ ಸಿಗಲಿಲ್ಲವೆಂದರೆ ಅಲ್ಲಿರುವುದು ಸೊನ್ನೆಯಲ್ಲ.